ಡೆಲಿವರಿ ರೈಡರ್‌ಗಳ ಗಳಿಕೆ ಬಗ್ಗೆ ಬರೆಯುವಾಗ: ಪೇಔಟ್ ದಾಖಲೆ ತಾಳೆ ನೋಡುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆಗಳಲ್ಲಿ ಕನ್ನಡ ಪತ್ರಿಕೆಗಳಿಗೆ, ಸಂಘಗಳ ಮಾಸಿಕಗಳಿಗೆ, ಸುದ್ದಿತಾಣಗಳಿಗೆ ಬರೆಯುವವರಿಗಾಗಿ ಈ ಪುಟ. ಪುಣೆಯಲ್ಲಿ ಬ್ಯಾಗು ಹೊತ್ತು ಓಡಾಡುವವರಲ್ಲಿ ಕಲಬುರಗಿ, ವಿಜಯಪುರ ಕಡೆಯವರೂ ಇದ್ದಾರೆ. ಅವರ ದುಡಿಮೆಯ ಲೆಕ್ಕ ಕನ್ನಡದಲ್ಲಿ ಸರಿಯಾಗಿ ಬರಬೇಕು.

ರೈಡರ್ "ವಾರಕ್ಕೆ ಮೂರು ಸಾವಿರನೂ ಬರಲ್ಲ" ಅನ್ನುತ್ತಾರೆ. ಕಂಪನಿ "ಐದು ಸಾವಿರಕ್ಕೂ ಹೆಚ್ಚು ಕೊಟ್ಟಿದ್ದೇವೆ" ಅನ್ನುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕಲ್ಲವೇ?

ಹಾಗೆಂದುಕೊಂಡು ಹೊರಟರೆ ವರದಿ ಮೊದಲ ಸಾಲಿನಲ್ಲೇ ಹಾದಿ ತಪ್ಪುತ್ತದೆ. ಒಂದೇ ವಾರಕ್ಕೆ ಮೂರು ಬೇರೆ ಬೇರೆ ಮೊತ್ತಗಳಿರುತ್ತವೆ. ಆ್ಯಪ್ ತೋರಿಸುವ ಒಟ್ಟು ಗಳಿಕೆ ಒಂದು, ಬ್ಯಾಂಕ್ ಖಾತೆಗೆ ಬಿದ್ದ ಹಣ ಇನ್ನೊಂದು, ಪೆಟ್ರೋಲು ಮತ್ತು ಗಾಡಿ ಖರ್ಚು ಕಳೆದು ಉಳಿದದ್ದು ಮೂರನೆಯದು. ಕಂಪನಿ ಸಾಮಾನ್ಯವಾಗಿ ಮೊದಲನೆಯದನ್ನು ಹೇಳುತ್ತದೆ. ರೈಡರ್ ಮೊಬೈಲಿಗೆ ಬಂದ ಬ್ಯಾಂಕಿನ ಎಸ್ಸೆಮ್ಮೆಸ್ ನೋಡಿ ಎರಡನೆಯದನ್ನು ಹೇಳುತ್ತಾರೆ. ಮನೆ ನಡೆಯುವುದು ಮಾತ್ರ ಮೂರನೆಯದರಲ್ಲಿ, ಅದನ್ನು ಇಬ್ಬರೂ ಲೆಕ್ಕ ಹಾಕಿರುವುದಿಲ್ಲ.

ಆದ್ದರಿಂದ ಸಂದರ್ಶನದಲ್ಲಿ "ಪಗಾರ ಎಷ್ಟು?" ಎಂದು ಒಂದೇ ಪ್ರಶ್ನೆಗೆ ಮುಗಿಸಬೇಡಿ. "ಅಣ್ಣಾ, ಹೋದ ವಾರ ಆ್ಯಪಿನಾಗ ಒಟ್ಟು ಎಷ್ಟು ತೋರಿಸ್ತು? ಖಾತೆಗೆ ಎಷ್ಟು ಬಿತ್ತು? ಗಿರಾಕಿ ಕೊಟ್ಟ ಕ್ಯಾಶು ಕೈಯಾಗ ಎಷ್ಟು ಉಳಿದಿತ್ತು? ಪೆಟ್ರೋಲಿಗೆ ಎಷ್ಟು ಹೋತು?" ಎಂದು ಬಿಡಿಬಿಡಿಯಾಗಿ ಕೇಳಿ. ಆಮೇಲೆ ಪ್ರತಿ ಉತ್ತರಕ್ಕೂ ದಾಖಲೆ ಹುಡುಕಿ.

ಯಾವ ಯಾವ ದಾಖಲೆ ಬೇಕು?

ಮುಖ್ಯವಾದವು ಮೂರು. ಆ್ಯಪ್‌ನಲ್ಲಿರುವ ವಾರದ ಪೇಔಟ್ ವಿವರ, ಅದೇ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತು ಆ್ಯಪ್‌ನ ಕ್ಯಾಶ್ ಲೆಡ್ಜರ್. ಮೂರನೆಯದನ್ನು ಕೇಳುವವರೇ ಕಡಿಮೆ, ಆದರೆ ಗೊಂದಲದ ಬಹುಪಾಲು ಅಲ್ಲೇ ಬಗೆಹರಿಯುತ್ತದೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಗಿರಾಕಿ ಕೊಟ್ಟ ನೋಟು ರೈಡರ್ ಕೈಯಲ್ಲಿರುತ್ತದೆ. ಅದನ್ನು ಅವರು ಕಂಪನಿಗೆ ಕಟ್ಟಬೇಕು, ಕಟ್ಟದೆ ಉಳಿದದ್ದನ್ನು ವಾರದ ಪೇಔಟ್‌ನಲ್ಲಿ ಮುರಿದುಕೊಳ್ಳುತ್ತಾರೆ. ಆ ಕ್ಯಾಶು ಆಗಲೇ ಪೆಟ್ರೋಲು, ಊಟ, ರೂಮಿನ ಬಾಡಿಗೆ ಎಂದು ಖರ್ಚಾಗಿರುತ್ತದೆ. ಹೀಗಾಗಿ ಖಾತೆಗೆ ಬಂದ ಚಿಕ್ಕ ಮೊತ್ತವನ್ನೇ ರೈಡರ್ ಪೂರ್ತಿ ಪಗಾರ ಎಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಇವುಗಳ ಜೊತೆಗೆ ಗಾಡಿಯ ಓಡೋಮೀಟರಿನ ಫೋಟೊ ವಾರದ ಮೊದಲ ದಿನ ಒಂದು, ಕೊನೆಯ ದಿನ ಒಂದು ಸಿಕ್ಕರೆ ಖರ್ಚಿನ ಲೆಕ್ಕ ಗಟ್ಟಿಯಾಗುತ್ತದೆ.

ಒಂದು ವಾರದ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸುತ್ತೀರಾ?

ಇದು ವಿಧಾನ ತಿಳಿಯಲೆಂದು ಕಟ್ಟಿದ ಮಾದರಿ ಲೆಕ್ಕ. ಯಾವ ಕಂಪನಿಯ ದರಪಟ್ಟಿಯೂ ಅಲ್ಲ. ಪುಣೆಯ ಹಡಪ್ಸರ್ ಭಾಗದಲ್ಲಿ ಪೆಟ್ರೋಲ್ ಬೈಕಿನಲ್ಲಿ ಊಟ ತಲುಪಿಸುವ ಒಬ್ಬರು, ಸೋಮವಾರದಿಂದ ಭಾನುವಾರದವರೆಗೆ 112 ಆರ್ಡರ್, 58 ಗಂಟೆ ಲಾಗಿನ್ ಎಂದುಕೊಳ್ಳಿ.

ಆ್ಯಪ್‌ನ ಪೇಔಟ್ ಪುಟದಲ್ಲಿ ಆರ್ಡರ್ ದುಡ್ಡು ₹4,144, ಇನ್ಸೆಂಟಿವ್ ₹1,150, ಟಿಪ್ಸ್ ₹96 ಇದೆ. ಕೂಡಿದರೆ ಒಟ್ಟು ₹5,390. ಇದೇ ಕಂಪನಿ ಹೇಳುವ ಐದು ಸಾವಿರದ ಮೇಲಿನ ಮೊತ್ತ.

ಅದೇ ಪುಟದ ಕೆಳಗೆ ಕಡಿತಗಳಿವೆ. ಬ್ಯಾಗು ಮತ್ತು ಟೀಶರ್ಟಿನ ಕಂತು ₹150. ಟಿಪ್ಸ್ ಬಿಟ್ಟ ಮೊತ್ತದ ಮೇಲೆ 1% ಟಿಡಿಎಸ್, ಅಂದರೆ ₹53. ಕ್ಯಾಶ್ ಹೊಂದಾಣಿಕೆ ₹2,310. ಇಷ್ಟೂ ಕಳೆದರೆ ₹2,877 ಉಳಿಯುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದೇ ₹2,877 ಜಮೆಯಾಗಿದ್ದರೆ ಮೊದಲ ಕೊಂಡಿ ಕೂಡಿತು. "ಮೂರು ಸಾವಿರನೂ ಬರಲ್ಲ" ಎಂಬ ರೈಡರ್ ಮಾತಿಗೂ ಆಧಾರ ಸಿಕ್ಕಿತು.

ಈಗ ಕ್ಯಾಶ್ ಲೆಡ್ಜರ್ ತೆರೆಯಿರಿ. ವಾರದಲ್ಲಿ ಗಿರಾಕಿಗಳಿಂದ ಪಡೆದ ನಗದು ₹3,860, ರೈಡರ್ ಯುಪಿಐ ಮೂಲಕ ಕಟ್ಟಿದ್ದು ₹1,550, ಉಳಿದ ₹2,310 ಪೇಔಟ್‌ನಲ್ಲಿ ಹೊಂದಾಣಿಕೆ. ಲೆಕ್ಕ ಕೂಡುತ್ತದೆ. ಹಾಗಾಗಿ ಆ ₹2,310 ದಂಡವಲ್ಲ, ನಷ್ಟವೂ ಅಲ್ಲ, ನಗದಾಗಿ ಮೊದಲೇ ಕೈಸೇರಿದ ಗಳಿಕೆ. ಬ್ಯಾಂಕಿನಿಂದ ಹೊರಹೋದ ₹1,550 ಕೂಡ ಖರ್ಚಲ್ಲ, ಅದು ಗಿರಾಕಿಯ ಹಣ. ಇದನ್ನು ಖರ್ಚಿಗೆ ಸೇರಿಸಿದರೆ ನಿಮ್ಮ ವರದಿಯನ್ನು ಕಂಪನಿ ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತದೆ.

ಇನ್ನು ದುಡಿಮೆಯ ಖರ್ಚು. ಆ್ಯಪ್ ದುಡ್ಡು ಕೊಟ್ಟ ದೂರ 410 ಕಿಲೋಮೀಟರ್, ಓಡೋಮೀಟರ್ ತೋರಿಸುವುದು 620. ನಡುವಿನ 210 ಕಿಲೋಮೀಟರ್ ಗಿರಾಕಿ ಮನೆಯಿಂದ ಖಾಲಿ ವಾಪಸು ಬಂದದ್ದು, ಮನೆಯಿಂದ ಜಾಗಕ್ಕೆ ಹೋದದ್ದು. ಲೀಟರಿಗೆ 45 ಕಿಲೋಮೀಟರ್, ಪೆಟ್ರೋಲ್ ₹104 ಎಂದು ಹಿಡಿದರೆ ಸುಮಾರು ₹1,433. ಆಯಿಲ್, ಟೈರು, ಬ್ರೇಕ್, ಚೈನುಗಳಿಗೆ ಕಿಲೋಮೀಟರಿಗೆ 60 ಪೈಸೆಯಂತೆ ₹372. ಮೊಬೈಲ್ ರೀಚಾರ್ಜಿನ ವಾರದ ಪಾಲು ₹85. ಒಟ್ಟು ₹1,890. ಬ್ಯಾಗಿನ ಕಂತನ್ನೂ ಕಳೆದರೆ ಉಳಿದದ್ದು ₹3,350.

ಗಾಡಿಯ ಬ್ಯಾಂಕ್ ಕಂತನ್ನು ಇಲ್ಲಿ ಸೇರಿಸಿಲ್ಲ. ಆ ಗಾಡಿ ಮನೆಬಳಕೆಗೂ ಆಗುತ್ತದೆ ಎಂಬ ವಾದವಿದೆ, ಇಲ್ಲ, ಕೆಲಸಕ್ಕೆಂದೇ ಕೊಂಡದ್ದು ಎಂಬ ವಾದವೂ ಇದೆ. ಅದನ್ನು ಬೇರೆ ಸಾಲಿನಲ್ಲಿ ತೋರಿಸಿ, ಉಳಿಕೆಯೊಳಗೆ ಬೆರೆಸಬೇಡಿ. ಮುಂಬೈಯಲ್ಲಿ ವಾರದ ಬಾಡಿಗೆಗೆ ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಂಡು ಓಡಿಸುವವರ ವಿಷಯ ಬೇರೆ. ಅವರಿಗೆ ಆ ಬಾಡಿಗೆ ಪೂರ್ತಿ ದುಡಿಮೆಯ ಖರ್ಚು, ಪೆಟ್ರೋಲಿನ ಜಾಗದಲ್ಲಿ ಅದೇ ಕೂರುತ್ತದೆ.

ಗಂಟೆಗೆ ಎಷ್ಟು ಎಂದು ಹೇಳುವುದು ಹೇಗೆ?

ಭಾಗಿಸುವ ಗಂಟೆ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ. ಮೇಲಿನ ವಾರದಲ್ಲಿ ಟಿಪ್ಸ್ ಬಿಟ್ಟು ₹5,294. ಅದನ್ನು 58 ಲಾಗಿನ್ ಗಂಟೆಯಿಂದ ಭಾಗಿಸಿದರೆ ಸುಮಾರು ₹91. ಆರ್ಡರ್ ಒಪ್ಪಿಕೊಂಡಾಗಿನಿಂದ ತಲುಪಿಸುವವರೆಗಿನ ಸಮಯ ಮಾತ್ರ 37 ಗಂಟೆ ಎಂದಿದ್ದರೆ, ಅದೇ ದುಡ್ಡು ಗಂಟೆಗೆ ₹143 ಆಗುತ್ತದೆ. ಖರ್ಚು ಕಳೆದ ₹3,350ನ್ನು 58ರಿಂದ ಭಾಗಿಸಿದರೆ ₹58 ಕೂಡ ತುಂಬುವುದಿಲ್ಲ. ಮೂರೂ ಗಣಿತದ ಪ್ರಕಾರ ಸರಿ. ಆರ್ಡರಿಗಾಗಿ ಹೋಟೆಲಿನ ಮುಂದೆ ನಿಂತು ಕಾಯುವುದೂ ದುಡಿಮೆಯೇ, ಹಾಗಾಗಿ ಲಾಗಿನ್ ಗಂಟೆಯನ್ನೇ ಮುಖ್ಯವಾಗಿ ಬಳಸಬೇಕೆಂಬುದು ನಮ್ಮ ನಿಲುವು.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಬ್ಬರೇ ಎರಡು ಆ್ಯಪ್ ತೆರೆದಿಟ್ಟಿದ್ದರೆ ಒಂದರ 6 ಗಂಟೆ, ಇನ್ನೊಂದರ 5 ಗಂಟೆ ಕೂಡಿಸಿ 11 ಎನ್ನಬಾರದು. ಲಾಗಿನ್ ಸಮಯಗಳನ್ನು ಪಕ್ಕಪಕ್ಕ ಬರೆದು, ಒಂದರ ಮೇಲೊಂದು ಬಿದ್ದ ಭಾಗವನ್ನು ಒಮ್ಮೆ ಮಾತ್ರ ಎಣಿಸಿ, ದುಡ್ಡನ್ನು ಎರಡೂ ಕಡೆಯಿಂದ ಕೂಡಿಸಿ. ಇನ್ನೊಂದು, ಒಂದೇ ಐಡಿಯಲ್ಲಿ ಇಬ್ಬರು ಓಡಿಸುವುದು. ದಿನಕ್ಕೆ 17-18 ಗಂಟೆ ಲಾಗಿನ್ ವಾರಪೂರ್ತಿ ಕಂಡರೆ, ಅಥವಾ ಐಡಿಯ ಹೆಸರಿಗೂ ಖಾತೆಯ ಹೆಸರಿಗೂ ಹೊಂದದಿದ್ದರೆ, ಅದನ್ನು ಒಬ್ಬರ ಗಳಿಕೆ ಎಂದು ಬರೆಯುವಂತಿಲ್ಲ.

ಕಂಪನಿಯೇ ಸರಾಸರಿ ಪ್ರಕಟಿಸಿದರೆ ಅದನ್ನು ನೇರವಾಗಿ ಬಳಸಬಹುದೇ?

ಯಾರು ಹೇಳಿದರು, ಯಾವ ಷರತ್ತಿನೊಂದಿಗೆ ಹೇಳಿದರು ಎಂಬುದರ ಸಮೇತ ಬಳಸಿ. 2025ರ ಡಿಸೆಂಬರ್ 25 ಮತ್ತು 31ರಂದು ರೈಡರ್ ಸಂಘಟನೆಗಳು ಮುಷ್ಕರಕ್ಕೆ ಕರೆ ಕೊಟ್ಟ ಬೆನ್ನಿಗೆ, 2026ರ ಜನವರಿಯಲ್ಲಿ ಜೊಮ್ಯಾಟೊ ಸಂಸ್ಥಾಪಕ ದೀಪಿಂದರ್ ಗೋಯಲ್ ಎಕ್ಸ್‌ನಲ್ಲಿ ಅಂಕಿಗಳನ್ನು ಹಾಕಿದರು. 2025ರಲ್ಲಿ ಟಿಪ್ಸ್ ಬಿಟ್ಟು ಗಂಟೆಗೆ ಸರಾಸರಿ ₹102, 2024ರಲ್ಲಿ ₹92. ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 26 ದಿನ ದುಡಿದರೆ ಸುಮಾರು ₹26,500, ಇಂಧನ ಮತ್ತು ನಿರ್ವಹಣೆಗೆ ಸುಮಾರು 20% ಕಳೆದರೆ ₹21,000 ಎಂಬುದು ಅವರ ಲೆಕ್ಕ. ಕಾಯುವ ಸಮಯವೂ ಸೇರಿದ ಲಾಗಿನ್ ಗಂಟೆ ಇದು ಎಂದೂ ಹೇಳಿದರು. ಅದು ಒಳ್ಳೆಯ ಸ್ಪಷ್ಟನೆ, ವರದಿಯಲ್ಲಿ ಬಿಡಬೇಡಿ.

ಆದರೆ ಅದೇ ವಿವರಣೆಯಲ್ಲಿ ಇನ್ನೊಂದು ಮಾಹಿತಿಯಿತ್ತು. 2025ರಲ್ಲಿ ಒಬ್ಬ ಪಾರ್ಟ್‌ನರ್ ಸರಾಸರಿ 38 ದಿನ, ದುಡಿದ ದಿನಕ್ಕೆ 7 ಗಂಟೆ ಕೆಲಸ ಮಾಡಿದ್ದರು, ವರ್ಷಕ್ಕೆ 250 ದಿನಕ್ಕಿಂತ ಹೆಚ್ಚು ದುಡಿದವರು 2.3% ಮಾತ್ರ. ಅಂದರೆ ₹102 ಎಂಬುದು ಹೆಚ್ಚಾಗಿ ಅಲ್ಪಾವಧಿಗೆ ಬಂದುಹೋಗುವವರೂ ಸೇರಿದ ಸರಾಸರಿ. ಅದನ್ನು 260 ಗಂಟೆಯಿಂದ ಗುಣಿಸಿದಾಗ ಬರುವುದು ಅಂದಾಜು, ಪೂರ್ಣಾವಧಿ ರೈಡರ್‌ಗಳ ಅಳೆದ ಗಳಿಕೆಯಲ್ಲ. ರಾತ್ರಿ ಊಟದ ಹೊತ್ತಿಗೆ ಮಾತ್ರ ಬರುವವರ ಗಂಟೆಗಳಲ್ಲಿ ಆರ್ಡರ್ ದಟ್ಟವಾಗಿರುತ್ತವೆ. ದಿನಪೂರ್ತಿ ದುಡಿಯುವವರ ಪಾಲಿಗೆ ಮಧ್ಯಾಹ್ನ 3ರಿಂದ 6ರ ಒಣ ಗಂಟೆಗಳೂ ಬರುತ್ತವೆ. ಇನ್ನೊಂದು ಕಡೆ, ಹೆಚ್ಚು ಆರ್ಡರ್ ಮಾಡಿದವರಿಗಷ್ಟೇ ಸಿಗುವ ಇನ್ಸೆಂಟಿವ್ ಪೂರ್ಣಾವಧಿಯವರ ಸರಾಸರಿಯನ್ನು ಮೇಲಕ್ಕೂ ಎಳೆಯಬಹುದು. ಯಾವುದು ಗೆದ್ದಿತು ಎಂಬುದು ದಾಖಲೆ ನೋಡಿದರೇ ತಿಳಿಯುವುದು.

ಆದ್ದರಿಂದ ಯಾವ ಕಂಪನಿಗಾದರೂ ಕಳಿಸುವ ಪ್ರಶ್ನೆ ಹೀಗಿರಲಿ: ನಿಮ್ಮ ನಗರದಲ್ಲಿ, ತಿಂಗಳಿಗೆ 200 ಲಾಗಿನ್ ಗಂಟೆಗಿಂತ ಹೆಚ್ಚು ದುಡಿದವರ ಗಂಟೆವಾರು ಗಳಿಕೆಯ ಮಧ್ಯಾಂಕ ಎಷ್ಟು? ಮಧ್ಯಾಂಕ ಎಂದರೆ ಎಲ್ಲರನ್ನೂ ಗಳಿಕೆಯ ಸಾಲಿನಲ್ಲಿ ನಿಲ್ಲಿಸಿದಾಗ ಸರಿ ನಡುವೆ ಬರುವವರದು. ಸರಾಸರಿಯನ್ನು ಕೆಲವೇ ದೊಡ್ಡ ಮೊತ್ತಗಳು ಏರಿಸಿಬಿಡುತ್ತವೆ, ಮಧ್ಯಾಂಕ ಅಷ್ಟು ಸುಲಭವಾಗಿ ಅಲುಗುವುದಿಲ್ಲ.

ಖರ್ಚಿನ 20% ಕೂಡ ತಾಳೆ ನೋಡಬೇಕಾದದ್ದೇ. ನಮ್ಮ ಮಾದರಿ ವಾರದಲ್ಲಿ ₹1,890 ಖರ್ಚು ಎಂದರೆ ₹5,390ರಲ್ಲಿ 35%. ಇದು ಆ ಗಾಡಿಯ ಮೈಲೇಜಿಗೂ ಖಾಲಿ ಓಡಿದ ದೂರಕ್ಕೂ ಸೇರಿದ ಮಾತು. ಹತ್ತಿರದ ಸ್ಟೋರಿನಿಂದ ಒಂದೆರಡು ಕಿಲೋಮೀಟರ್ ಒಳಗೆ ದಿನಸಿ ತಲುಪಿಸುವವರಿಗೆ ಶೇಕಡಾವಾರು ಇಳಿಯುತ್ತದೆ. ಓಡೋಮೀಟರ್ ನೋಡದೆ ಯಾವ ಶೇಕಡಾವನ್ನೂ ಒಪ್ಪಬೇಡಿ, ಸಂಘಟನೆ ಹೇಳಿದ್ದನ್ನೂ.

"ಮೊದಲು ಆರ್ಡರಿಗೆ ಐವತ್ತು ಕೊಡ್ತಿದ್ರು, ಈಗ ಮೂವತ್ತು" ಎನ್ನುತ್ತಾರೆ. ಇದನ್ನು ಪರೀಕ್ಷಿಸುವುದು ಹೇಗೆ?

ಆರ್ಡರ್ ಮಟ್ಟಕ್ಕೆ ಇಳಿದು ಸಮಾನವಾದದ್ದನ್ನು ಸಮಾನವಾದದ್ದರೊಂದಿಗೆ ಹೋಲಿಸಬೇಕು. ಅದೇ ಬಡಾವಣೆ, ಹತ್ತಿರಹತ್ತಿರ ಅದೇ ದೂರ, ವಾರದ ಅದೇ ದಿನ, ಅದೇ ಹೊತ್ತು, ಮಳೆಯ ಹೆಚ್ಚುವರಿ ಇಲ್ಲದ ದಿನ. ಹೀಗೆ ಆರಿಸಿದ ಆರ್ಡರ್‌ಗಳಲ್ಲಿ ಇನ್ಸೆಂಟಿವ್ ಬಿಟ್ಟು ಆರ್ಡರ್ ದುಡ್ಡು ಮಾತ್ರ ನೋಡಿ. ಸರಾಸರಿ ಇಳಿಯಲು ಬೇರೆ ಕಾರಣಗಳೂ ಇರಬಹುದು. ದೂರದ ಆರ್ಡರ್ ಕಡಿಮೆಯಾಗಿ ಹತ್ತಿರದವು ಹೆಚ್ಚಿದರೆ ದರ ಬದಲಾಗದೆಯೂ ಪ್ರತಿ ಆರ್ಡರಿನ ಸರಾಸರಿ ಇಳಿಯುತ್ತದೆ, ಗಂಟೆಗೆ ಆಗುವ ಆರ್ಡರ್ ಏರಿರಬಹುದು. ಅದೇ ದೂರಕ್ಕೂ ಕಡಿಮೆ ಬಂದಿದ್ದರೆ ಮಾತ್ರ "ದರ ಇಳಿದಿದೆ" ಎಂದು ಬರೆಯಿರಿ. ಹಳೆಯ ದಾಖಲೆ ಆ್ಯಪ್‌ನಲ್ಲಿ ಸಿಗದಿದ್ದರೆ ಫೋನಿನ ಗ್ಯಾಲರಿಯಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಳೆಯ ದರಪಟ್ಟಿಯ ಚಿತ್ರ ಹುಡುಕಿ, ಅದು ಹಂಚಿಕೆಯಾದ ದಿನಾಂಕವನ್ನೂ ಗುರುತು ಹಾಕಿಕೊಳ್ಳಿ.

ಸ್ಕ್ರೀನ್‌ಶಾಟ್ ಸಾಕಲ್ಲವೇ?

ಸಾಲದು. ತಿದ್ದುವುದು ಸುಲಭ, ಅದಕ್ಕಿಂತ ಸುಲಭ ಒಂದು ಒಳ್ಳೆಯ ಅಥವಾ ಕೆಟ್ಟ ದಿನವನ್ನು ಆರಿಸಿ ತೋರಿಸುವುದು. ರೈಡರ್ ಜೊತೆ ಕೂತು, ಅವರೇ ಆ್ಯಪ್ ತೆರೆದು ಮುಖಪುಟದಿಂದ ಪೇಔಟ್ ಪುಟದವರೆಗೆ ಹೋಗುವುದನ್ನು ಸ್ಕ್ರೀನ್ ರೆಕಾರ್ಡಿಂಗ್ ಮಾಡಿಸಿ, ವಾರಗಳನ್ನು ಒಂದೊಂದಾಗಿ ತೆರೆಸಿ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಬ್ಯಾಂಕಿನ ಆ್ಯಪ್‌ನಿಂದಲೇ ಪಿಡಿಎಫ್ ಆಗಿ ಇಳಿಸಿಕೊಳ್ಳಲು ಹೇಳಿ. ಪೇಔಟ್ ಪುಟದಲ್ಲಿ ಯುಟಿಆರ್, ಅಂದರೆ ಆ ಬ್ಯಾಂಕ್ ವರ್ಗಾವಣೆಯ ಗುರುತು ಸಂಖ್ಯೆ ಇದ್ದರೆ ಸ್ಟೇಟ್‌ಮೆಂಟಿನ ಸಂಖ್ಯೆಯೊಂದಿಗೆ ಹೋಲಿಸಿ. ಐಎಂಪಿಎಸ್ ಮತ್ತು ಯುಪಿಐ ಆದರೆ 12 ಅಂಕಿ, ನೆಫ್ಟ್ ಆದರೆ 16 ಅಕ್ಷರ.

ಸ್ಟೇಟ್‌ಮೆಂಟಿನ ಸಾಲುಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿ, C ಕಾಲಮಿನಲ್ಲಿ ತೆಗೆದದ್ದು, D ಯಲ್ಲಿ ಜಮೆ, E ಯಲ್ಲಿ ಬಾಕಿ ಇದ್ದರೆ, ಐದನೇ ಸಾಲಿಗೆ ಈ ಸೂತ್ರ ಬರೆದು ಕೆಳಗೆ ಎಳೆಯಿರಿ:

```
=ROUND(E4-C5+D5-E5,2)
```

ಉತ್ತರ ಎಲ್ಲ ಸಾಲಿನಲ್ಲೂ 0 ಬರಬೇಕು. ಬರದಿದ್ದರೆ ಒಂದೋ ನೀವು ಅಂಕಿ ತಪ್ಪಾಗಿ ಹೊಡೆದಿದ್ದೀರಿ, ಅಥವಾ ಸಾಲು ಬಿಟ್ಟುಹೋಗಿದೆ, ಅಥವಾ ಯಾರೋ ತಿದ್ದಿದ್ದಾರೆ. ಈ ಕ್ರಮದಲ್ಲೇ ಅನುಮಾನಪಡಿ.

ಜಮೆಯ ಸಾಲಿನಲ್ಲಿ ಬ್ರಾಂಡಿನ ಹೆಸರನ್ನೇ ಹುಡುಕಬೇಡಿ. ಅಲ್ಲಿ ಕಂಪನಿಯ ನೋಂದಾಯಿತ ಹೆಸರು ಅಥವಾ ಪಾವತಿ ಸಂಸ್ಥೆಯ ಹೆಸರು ಇರಬಹುದು. ಜೊಮ್ಯಾಟೊ ಕಂಪನಿಯ ಹೆಸರು 2025ರ ಮಾರ್ಚ್‌ನಿಂದ ಎಟರ್ನಲ್ ಲಿಮಿಟೆಡ್. ಸ್ವಿಗ್ಗಿಯ ಹಿಂದಿನ ಹೆಸರು ಬಂಡ್ಲ್ ಟೆಕ್ನಾಲಜೀಸ್. ಹಳೆಯ ಸ್ಟೇಟ್‌ಮೆಂಟ್ ನೋಡುವಾಗ ಇದು ತಿಳಿದಿರದಿದ್ದರೆ ಅರ್ಧ ಪೇಔಟ್ ಕಣ್ಣಿಗೇ ಬೀಳುವುದಿಲ್ಲ.

ರೈಡರ್ ಮತ್ತು ಕಂಪನಿ ಇಬ್ಬರ ಹೊರಗೆ ಬೇರೆ ದಾಖಲೆ ಇದೆಯೇ?

ಇದೆ. ಟಿಡಿಎಸ್ ಕಡಿತವಾಗಿದ್ದರೆ ಆದಾಯ ತೆರಿಗೆ ಪೋರ್ಟಲ್‌ನ ತೆರಿಗೆ ಕಡಿತದ ವಿವರಪತ್ರದಲ್ಲಿ, 2026ರ ಮಾರ್ಚ್‌ವರೆಗಿನ ಪಾವತಿಗಳಿಗೆ Form 26AS ನಲ್ಲಿ, ಕಡಿತ ಮಾಡಿದವರ ಹೆಸರು, ದಿನಾಂಕ, ಪಾವತಿಸಿದ ಮೊತ್ತ, ಕಡಿದ ತೆರಿಗೆ ಎಲ್ಲ ಇರುತ್ತದೆ. ಕಂಪನಿಯೇ ಸರ್ಕಾರಕ್ಕೆ ಸಲ್ಲಿಸಿದ ಲೆಕ್ಕವಾದ್ದರಿಂದ ಇದರ ತೂಕ ಹೆಚ್ಚು. ಮೂರು ತಿಂಗಳ ವಾರದ ಪೇಔಟ್‌ಗಳನ್ನು ಕೂಡಿಸಿ, ಆ ತ್ರೈಮಾಸಿಕದ ಮೊತ್ತಕ್ಕೆ ಹೋಲಿಸಿ. ಟಿಪ್ಸ್‌ನಿಂದ, ತ್ರೈಮಾಸಿಕದ ಅಂಚಿಗೆ ಬಿದ್ದ ವಾರದಿಂದ ಸಣ್ಣ ವ್ಯತ್ಯಾಸ ಸಹಜ. ತ್ರೈಮಾಸಿಕ ಮುಗಿದ ಕೂಡಲೇ ಇದು ಸಿಗುವುದಿಲ್ಲ, ಕಂಪನಿ ವಿವರ ಸಲ್ಲಿಸಿದ ಮೇಲೆಯೇ ಕಾಣುವುದು. ಪಾಸ್‌ವರ್ಡನ್ನು ನೀವು ಎಂದೂ ಪಡೆಯಬೇಡಿ. ರೈಡರ್ ತಾವೇ ಲಾಗಿನ್ ಆಗಲಿ. ಕಡಿತವಾದ ತೆರಿಗೆ ರಿಟರ್ನ್ ಸಲ್ಲಿಸಿದರೆ ವಾಪಸು ಬರಬಹುದಾದ್ದರಿಂದ ಆ ₹53ನ್ನು ಖರ್ಚಿಗೆ ಸೇರಿಸಿಲ್ಲ.

ಎಷ್ಟು ವಾರ, ಎಷ್ಟು ಜನ?

ಒಬ್ಬರಿಂದ ಸತತ 8ರಿಂದ 12 ವಾರ. ಅವಧಿಯನ್ನು ನೀವು ಮೊದಲೇ ನಿಗದಿ ಮಾಡಿ ಹೇಳಿ, ಅವರು ಆರಿಸುವಂತಿರಬಾರದು. ಗಣೇಶೋತ್ಸವದ ದಿನಗಳಲ್ಲಿ ಪುಣೆಯ ಪೇಟೆ ಭಾಗದ ರಸ್ತೆ ಮುಚ್ಚಿರುತ್ತದೆ, ಡಿಸೆಂಬರ್ 31ಕ್ಕೆ ಇನ್ಸೆಂಟಿವ್ ಏರುತ್ತದೆ, ಗೋವಾದಲ್ಲಿ ಪ್ರವಾಸಿ ಕಾಲ ಮುಗಿದರೆ ಕರಾವಳಿಯ ಆರ್ಡರ್ ಬೀಳುತ್ತದೆ. ಅಂಥ ವಾರವನ್ನು ತೆಗೆಯಬೇಡಿ, ಗುರುತು ಹಾಕಿ ತೋರಿಸಿ. ಹತ್ತು ಹದಿನೈದು ಜನರ ದಾಖಲೆಯಿಂದ "ಪುಣೆಯ ರೈಡರ್‌ಗಳು ಗಳಿಸುವುದು ಇಷ್ಟು" ಎನ್ನಲಾಗದು, "ನಾವು ನೋಡಿದ ದಾಖಲೆಗಳಲ್ಲಿ ಇಷ್ಟು" ಎನ್ನಬಹುದು. ಮುಷ್ಕರದಲ್ಲಿ ಸಿಕ್ಕವರಷ್ಟೇ ಅಲ್ಲದೆ, ಕಂಪನಿ ಪರಿಚಯಿಸಿದವರಷ್ಟೇ ಅಲ್ಲದೆ, ಹೋಟೆಲ್ ಮುಂದೆ ಕಾಯುವವರನ್ನೂ ಮಾತಾಡಿಸಿ.

ಲೆಕ್ಕವನ್ನು ಕಂಪನಿಗೆ ತೋರಿಸಿ ಪ್ರತಿಕ್ರಿಯೆ ಕೇಳಬೇಕೇ? ರೈಡರ್ ಐಡಿ ಬ್ಲಾಕ್ ಆದರೆ?

ಕೇಳಲೇಬೇಕು, ಆದರೆ ಎಚ್ಚರಿಕೆಯಿಂದ. ಹೆಸರು, ಫೋನ್ ಸಂಖ್ಯೆ ಮುಚ್ಚಿದರೆ ಸಾಕು ಎಂದು ತಿಳಿಯಬೇಡಿ. "112 ಆರ್ಡರ್, 58 ಗಂಟೆ, ₹5,390, ಹಡಪ್ಸರ್" ಎಂಬ ನಾಲ್ಕು ವಿವರ ಕಂಪನಿಯ ದತ್ತಾಂಶದಲ್ಲಿ ಒಬ್ಬರನ್ನೇ ತೋರಿಸುತ್ತದೆ. ಆರ್ಡರ್ ಸಂಖ್ಯೆ, ಯುಟಿಆರ್, ಕ್ಯಾಶ್ ಮೊತ್ತ ಇವಂತೂ ಇನ್ನೂ ಸುಲಭ. ಕಳಿಸುವಾಗಲೂ ಪ್ರಕಟಿಸುವಾಗಲೂ "ಸುಮಾರು 110 ಆರ್ಡರ್, 55ರಿಂದ 60 ಗಂಟೆ, ಸುಮಾರು ₹5,400, ಪುಣೆ" ಎಂದು ದುಂಡಾಗಿಸಿ, ವಾರದ ದಿನಾಂಕದ ಬದಲು ತಿಂಗಳು ಕೊಡಿ. ಲೆಕ್ಕದ ವಿಧಾನವನ್ನು ಮಾತ್ರ ಪೂರ್ತಿ ಕಳಿಸಿ: ಯಾವ ಗಂಟೆಯಿಂದ ಭಾಗಿಸಿದಿರಿ, ಯಾವ ಖರ್ಚು ಸೇರಿಸಿದಿರಿ. ಬರಹದಲ್ಲಿ ಪ್ರಶ್ನೆ ಕಳಿಸಿ, ಕನಿಷ್ಠ ಎರಡು ಮೂರು ಕೆಲಸದ ದಿನ ಕೊಡಿ.

ರೈಡರ್‌ಗೂ ಮೊದಲೇ ತಿಳಿಸಿ, ಈ ವಿವರಗಳು ಹೊರಗೆ ಹೋಗುತ್ತವೆ ಎಂದು. ಅವರು ಒಪ್ಪದ ಸಾಲನ್ನು ಬಿಡಿ. ಪಿಡಿಎಫ್‌ನಲ್ಲಿ ಮನೆಗೆ ಕಳಿಸಿದ ಹಣ, ಆಸ್ಪತ್ರೆ ಖರ್ಚು, ಸಾಲ ಎಲ್ಲವೂ ಇರುತ್ತದೆ. ಪೇಔಟ್ ಮತ್ತು ಕ್ಯಾಶ್ ಪಾವತಿಯ ಸಾಲುಗಳನ್ನು ಬರೆದುಕೊಂಡು ತಾಳೆ ಮುಗಿದ ಮೇಲೆ, ಮೂಲ ಕಡತ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಅವರಿಗೆ ಹೇಳಿ, ಹಾಗೇ ನಡೆದುಕೊಳ್ಳಿ.

ಎಲ್ಲ ನೋಡಿಯೂ ಲೆಕ್ಕ ತಾಳೆಯಾಗದಿದ್ದರೆ?

ಮೊದಲು ವಾರದ ಗಡಿ ನೋಡಿ. ಭಾನುವಾರ ಮಧ್ಯರಾತ್ರಿ ದಾಟಿದ ಆರ್ಡರ್ ಮುಂದಿನ ವಾರಕ್ಕೆ ಸೇರಿರಬಹುದು. ಆಮೇಲೆ ವಾರದ ನಡುವೆಯೇ ಹಿಂತೆಗೆದ ಮೊತ್ತವಿದೆಯೇ ನೋಡಿ. ಅದು ಬೇರೆ ದಿನ, ಬೇರೆ ಸಾಲಿನಲ್ಲಿ ಜಮೆಯಾಗಿರುತ್ತದೆ. ಮೂರನೆಯದಾಗಿ ಹಿಂದಿನ ವಾರದ ಬಾಕಿ: ಪೇಔಟ್‌ಗಿಂತ ಕ್ಯಾಶ್ ಹೆಚ್ಚಿದ್ದರೆ ಉಳಿಕೆ ಮುಂದಿನ ವಾರಕ್ಕೆ ಋಣವಾಗಿ ಹೋಗುತ್ತದೆ. ಮುಂಗಡ ಅಥವಾ ಸಾಲದ ಕಂತು, ಇನ್ನೊಂದು ಹೆಸರಿನಲ್ಲಿ ಕಡಿತವಾಗಿರುವ ವಿಮೆ, ಗಿರಾಕಿ ದೂರಿನ ದಂಡ ಇವನ್ನು ಕೊನೆಗೆ ಹುಡುಕಿ.

ಇವೆಲ್ಲ ಮುಗಿದ ಮೇಲೂ, ಉದಾಹರಣೆಗೆ, ₹180 ಎಲ್ಲಿ ಹೋಯಿತೆಂದು ತಿಳಿಯದಿದ್ದರೆ ಅದನ್ನು ಕಳ್ಳತನ ಎಂದೂ ಬರೆಯಬೇಡಿ, ಮುಚ್ಚಿಯೂ ಬಿಡಬೇಡಿ. ರೈಡರ್ ಆ್ಯಪ್‌ನ ಸಹಾಯ ವಿಭಾಗದಲ್ಲಿ ದೂರು ಹಾಕಲಿ, ಟಿಕೆಟ್ ಸಂಖ್ಯೆ ಮತ್ತು ಉತ್ತರದ ದಿನಾಂಕ ಇಟ್ಟುಕೊಳ್ಳಲಿ. ವರದಿಯಲ್ಲಿ "ಸುಮಾರು ₹180ರ ಕಡಿತಕ್ಕೆ ಪೇಔಟ್ ಪುಟದಲ್ಲಿ ಕಾರಣ ನಮೂದಾಗಿಲ್ಲ, ರೈಡರ್ ದೂರಿಗೂ ನಮ್ಮ ಪ್ರಶ್ನೆಗೂ ಪ್ರಕಟಣೆಯ ಹೊತ್ತಿಗೆ ಉತ್ತರ ಬಂದಿರಲಿಲ್ಲ" ಎಂದು ಬರೆಯಿರಿ. ಉತ್ತರ ಬಂದಿದ್ದರೆ ಅದನ್ನು ಅದೇ ಪ್ಯಾರಾದಲ್ಲಿ ಹಾಕಿ, ಕೊನೆಗೆ ತಳ್ಳಬೇಡಿ.